ಶಟರ್ ಎಳೆಯುವ ಮುಂಚೆ ಒಂದು ಪುಟ

ರಾತ್ರಿ ಹತ್ತೂವರೆಗೆ ವಿಜಯನಗರ, ಬಸವೇಶ್ವರನಗರ ಕಡೆಯ ಯಾವುದಾದರೂ ಬೇಕರಿ-ಕಾಂಡಿಮೆಂಟ್ಸ್ ಅಂಗಡಿಯನ್ನು ನೋಡಿ. ಅರ್ಧ ಶಟರ್ ಇಳಿದಿರುತ್ತದೆ. ಒಬ್ಬ ಹುಡುಗ ನೆಲ ಒರೆಸುತ್ತಾನೆ, ಇನ್ನೊಬ್ಬ ಗಾಜಿನ ಕಪಾಟಿನಿಂದ ಟ್ರೇ ಹೊರಗೆ ತೆಗೆಯುತ್ತಾನೆ. ಗಲ್ಲಾದಲ್ಲಿ ಕೂತವರು ನೋಟು ಎಣಿಸಿ, ಮೊಬೈಲಿನಲ್ಲಿ ಯುಪಿಐ ಮೊತ್ತ ನೋಡಿ, ಎರಡನ್ನೂ ಕೂಡಿಸಿ 'ಇವತ್ತು ಇಷ್ಟು' ಎಂದು ಬರೆಯುತ್ತಾರೆ. ಮತ್ತೆ ಲೈಟ್ ಆಫ್, ಬೀಗ.

ಈ ಲೆಕ್ಕದಿಂದ ಗೊತ್ತಾಗುವುದು ಎಷ್ಟು ಹಣ ಬಂತು ಎಂಬುದು ಮಾತ್ರ. ಏನು ಉಳಿದುಹೋಗಿದೆ ಎಂದು ಗೊತ್ತಾಗುವುದಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಕೊಡಬೇಕಾದ ಕೇಕ್, ಬ್ರೆಡ್ ವ್ಯಾನಿನವರಿಗೆ ಹಿಂದಿರುಗಿಸಬೇಕಾದ ಹಳೇ ಪ್ಯಾಕೆಟ್, ಪಕ್ಕದ ಪಿಜಿಯವರ ಬಾಕಿ, ಸೌಂಡ್‌ಬಾಕ್ಸ್ ಕೂಗದೆ ಹೋದ ಒಂದು ಪೇಮೆಂಟ್, ಇವು ಯಾವುವೂ ಗಲ್ಲಾ ಪೆಟ್ಟಿಗೆಯಲ್ಲಿ ಕಾಣಿಸುವುದಿಲ್ಲ. ಲೆಕ್ಕ ಒಂದು ರೂಪಾಯಿಯೂ ತಪ್ಪದೆ ಸರಿಹೊಂದಿದ ರಾತ್ರಿಯೇ ಮರುದಿನದ ಆರ್ಡರ್ ಮರೆತುಹೋಗುವುದುಂಟು. ಉಪ್ಪಿನಂಗಡಿ, ವಿಟ್ಲ, ಬೆಳ್ತಂಗಡಿ ಕಡೆಯಿಂದ ಬಂದು ಬೆಂಗಳೂರಲ್ಲಿ ಅಂಗಡಿ ಇಟ್ಟಿರುವ ನಮ್ಮವರ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ. ಅಣ್ಣ ಬೆಳಿಗ್ಗೆ, ತಮ್ಮ ರಾತ್ರಿ ಕೂರುವ ಅಂಗಡಿಗಳಲ್ಲಂತೂ 'ನೀನು ಹೇಳಿಲ್ಲ', 'ನೀನು ಕೇಳಿಲ್ಲ' ಎಂಬ ಮಾತು ಎಷ್ಟು ಸಲ ಬಂದಿಲ್ಲ!

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಉದ್ದ ನೋಟ್‌ಬುಕ್, ದಿನಕ್ಕೊಂದು ಪುಟ ಸಾಕು. ಆದರೆ ಆ ಪುಟವನ್ನು ಯಾವ ಕ್ರಮದಲ್ಲಿ ತುಂಬುತ್ತೀರಿ ಎಂಬುದು ಮುಖ್ಯ. ಹೆಚ್ಚಿನವರು ಹಣದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಆರ್ಡರಿನಿಂದ, ಅದೂ ಓವನ್ ಆರಿಸುವ ಮುಂಚೆ.

ಯಾಕೆಂದರೆ ಹಣದ ಲೆಕ್ಕ ತಪ್ಪಿದರೆ ನಾಳೆಯೂ ಹುಡುಕಬಹುದು. ಕೇಕ್ ಹಾಗಲ್ಲ. ಬೆಳಿಗ್ಗೆ ಏಳಕ್ಕೆ ಎರಡು ಕಿಲೋ ಕೇಕ್ ಕೊಡಬೇಕಾದರೆ ಅದರ ಸ್ಪಂಜ್ ರಾತ್ರಿಯೇ ಬೆಂದು ಆರಿರಬೇಕು. ಬಿಸಿ ಸ್ಪಂಜಿನ ಮೇಲೆ ಕ್ರೀಮ್ ಹಾಕಿದರೆ ಕರಗಿ ಇಳಿಯುತ್ತದೆ. ಕ್ರೀಮಿನದ್ದು ಇನ್ನೊಂದು ಸಮಸ್ಯೆ. ಬೇಕರಿಗಳಲ್ಲಿ ಬಳಸುವ ಡಬ್ಬಿ ಕ್ರೀಮ್ ಫ್ರೀಜರಿನಲ್ಲಿ ಕಲ್ಲಾಗಿರುತ್ತದೆ. ಅದನ್ನು ರಾತ್ರಿಯೇ ಕೆಳಗಿನ ಫ್ರಿಜ್ಜಿಗೆ ಇಳಿಸಿಟ್ಟರೆ ನಿಧಾನಕ್ಕೆ ಕರಗಿ ಬೆಳಿಗ್ಗೆಗೆ ಹದಕ್ಕೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ನೆನಪಾಗಿ ಬಿಸಿನೀರಿನಲ್ಲಿಟ್ಟು ಕರಗಿಸಿದರೆ ಬೀಟರಿನಲ್ಲಿ ಎಷ್ಟು ಹೊತ್ತು ತಿರುಗಿಸಿದರೂ ಸರಿಯಾಗಿ ಎದ್ದು ನಿಲ್ಲುವುದಿಲ್ಲ. ಅಂದರೆ ಆರ್ಡರ್ ಪಟ್ಟಿ ನೋಡುವ ಕೊನೆಯ ಸಮಯ ಬೆಳಿಗ್ಗೆಯಲ್ಲ, ಹಿಂದಿನ ರಾತ್ರಿ.

ಆರ್ಡರ್ ಬರುವುದು ಮೂರು ದಾರಿಯಲ್ಲಿ. ಒಂದು ಕೌಂಟರಿನಲ್ಲಿ ಬಂದು ಹೇಳಿದ್ದು, ಇನ್ನೊಂದು ಫೋನಿನಲ್ಲಿ, ಮೂರನೆಯದು ವಾಟ್ಸಪ್ಪಿನಲ್ಲಿ. ಕೌಂಟರಿನದ್ದಕ್ಕೆ ಸಾಮಾನ್ಯವಾಗಿ ಚೀಟಿ ಇರುತ್ತದೆ, ಯಾಕೆಂದರೆ ಅಲ್ಲಿ ಅಡ್ವಾನ್ಸ್ ಸಿಗುತ್ತದೆ. ಹಣ ಕೈಗೆ ಬಂದಾಗ ಬರೆಯುವ ಅಭ್ಯಾಸ ಎಲ್ಲರಿಗೂ ಇದೆ. ಅಪಾಯ ಇರುವುದು ಹಣವಿಲ್ಲದ ಆರ್ಡರಿನಲ್ಲಿ. 'ಅಣ್ಣಾ, ನಾಳೆ ಬೆಳಿಗ್ಗೆ ಐವತ್ತು ಪಫ್ಸ್ ಬೇಕು, ಬಂದು ದುಡ್ಡು ಕೊಡ್ತೀನಿ' ಎಂದು ಹಳೇ ಗಿರಾಕಿಯೊಬ್ಬರು ಫೋನಿನಲ್ಲಿ ಹೇಳುತ್ತಾರೆ. ಫೋನ್ ಎತ್ತಿದ ಹುಡುಗ 'ಆಯ್ತಣ್ಣ' ಎನ್ನುತ್ತಾನೆ. ಅಷ್ಟರಲ್ಲಿ ಕೌಂಟರಿಗೆ ನಾಲ್ಕು ಜನ ಬರುತ್ತಾರೆ. ಆ ಆರ್ಡರ್ ಇರುವುದು ಹುಡುಗನ ತಲೆಯಲ್ಲಿ ಮಾತ್ರ, ಅವನೋ ಒಂಬತ್ತಕ್ಕೆ ರೂಮಿಗೆ ಹೋಗಿ ಮಲಗಿಯಾಗಿದೆ.

ಆದ್ದರಿಂದ ಪುಟದ ಮೊದಲ ಸಾಲು ಹೀಗೆ: ಇವತ್ತು ಫೋನ್ ಎತ್ತಿದವರು ಯಾರ್ಯಾರು? ಅವರೊಬ್ಬೊಬ್ಬರನ್ನೂ ಹೋಗುವ ಮುಂಚೆ ಕೇಳಬೇಕು. 'ಮೋನೆ, ಇವತ್ತು ಯಾರಾದರೂ ನಾಳೆಗೆ ಏನಾದರೂ ಹೇಳಿದ್ರಾ?' ಅಷ್ಟೇ. 'ಆರ್ಡರ್ ಇದೆಯಾ' ಎಂದು ಕೇಳಿದರೆ 'ಇಲ್ಲ ಕಾಕ' ಎನ್ನುತ್ತಾನೆ, ಯಾಕೆಂದರೆ ಅವನ ಲೆಕ್ಕದಲ್ಲಿ ಆರ್ಡರ್ ಅಂದರೆ ಕೇಕ್ ಮಾತ್ರ. ಐವತ್ತು ಪಫ್ಸ್, ಹತ್ತು ಪ್ಯಾಕೆಟ್ ಬನ್ನು, ದಿಲ್‌ಪಸಂದ್ ನಾಲ್ಕು ತೆಗೆದಿಡಿ ಎಂದದ್ದು ಅವನಿಗೆ ಆರ್ಡರ್ ಅನ್ನಿಸುವುದಿಲ್ಲ.

ವಾಟ್ಸಪ್ಪಿನಲ್ಲಿ ಮೋಸ ಮಾಡುವುದು ನೀಲಿ ಗೆರೆ. ಯಾರೋ ಒಬ್ಬರು ತೆರೆದು ನೋಡಿದರೆ ಸಾಕು, ಆ ಮೆಸೇಜು ಹೊಸದಾಗಿ ಕಾಣಿಸುವುದಿಲ್ಲ, ಕೆಳಗೆ ಸರಿಯುತ್ತದೆ. ವಾಯ್ಸ್ ಮೆಸೇಜ್ ಆದರೆ ಗದ್ದಲದಲ್ಲಿ ಅರ್ಧ ಕೇಳಿ ಬಿಟ್ಟಿರುತ್ತಾರೆ. ರಾತ್ರಿ ಅಂಗಡಿ ಫೋನಿನಲ್ಲಿ ಆ ದಿನದ ಪ್ರತಿಯೊಂದು ಚಾಟನ್ನು ಮೇಲಿಂದ ಕೆಳಗೆ ನೋಡಿ, ಕೊನೆಯ ಮಾತು ನಮ್ಮದಾ ಗಿರಾಕಿಯದ್ದಾ ಎಂದು ಗಮನಿಸಬೇಕು. ಗಿರಾಕಿಯ ಮಾತಿನಲ್ಲಿ ನಿಂತಿದ್ದರೆ ಏನೋ ಬಾಕಿ ಇದೆ ಎಂದೇ ತಿಳಿಯಬೇಕು. ಐದು ನಿಮಿಷದ ಕೆಲಸ.

ಚೀಟಿಯಲ್ಲಿ ಏನಿರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಹೆಸರು, ಫೋನ್, ತೂಕ, ಮೊಟ್ಟೆ ಹಾಕಿದ್ದಾ ಎಗ್‌ಲೆಸ್ಸಾ, ಕೇಕಿನ ಮೇಲೆ ಬರೆಯುವ ಹೆಸರು ಗಿರಾಕಿಯೇ ಬರೆದುಕೊಟ್ಟ ಹಾಗೆ, ಯಾವ ಗಂಟೆಗೆ, ಅವರೇ ಬರುತ್ತಾರಾ ನಾವು ಕಳಿಸಬೇಕಾ, ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು, ಕೊನೆಗೆ ಆರ್ಡರ್ ತೆಗೆದುಕೊಂಡವರ ಹೆಸರು. ರಾಜಾಜಿನಗರ, ಬಸವೇಶ್ವರನಗರದಲ್ಲಿ ಸಸ್ಯಾಹಾರಿ ಮನೆಗಳು ಬಹಳ. ಅಲ್ಲಿ ಎಗ್‌ಲೆಸ್ ಎಂಬ ಒಂದು ಶಬ್ದ ಬಿಟ್ಟುಹೋದರೆ ಇಡೀ ಕೇಕ್ ವಾಪಸ್ ಬಂದ ಹಾಗೆಯೇ. ಆರ್ಡರ್ ತೆಗೆದುಕೊಂಡವರ ಹೆಸರು ಬೈಯುವುದಕ್ಕಲ್ಲ, ಸಂಶಯ ಬಂದರೆ ರಾತ್ರಿಯೇ ಫೋನ್ ಮಾಡಿ ಕೇಳುವುದಕ್ಕೆ.

ಆರ್ಡರ್ ಆದ ಮೇಲೆ ಸಾಮಾನು. ಇಲ್ಲಿ ನೋಡಬೇಕಾದದ್ದು ಸ್ವಲ್ಪವೇ. ಬೆಳಿಗ್ಗೆ ಬರುವ ಹಾಲಿಗೆ ಎಷ್ಟು ಪ್ಯಾಕೆಟ್ ಎಂದು ಏಜೆಂಟರಿಗೆ ಹೇಳಿಯಾಯಿತಾ, ಖಾಲಿ ಕ್ರೇಟ್ ಹೊರಗಿಡಲಾಯಿತಾ, ಡೇಟ್ ಮುಗಿಯುವ ಬ್ರೆಡ್ಡು ಬನ್ನನ್ನು ಬೇರೆ ಟ್ರೇಯಲ್ಲಿ ಎತ್ತಿಟ್ಟು ಎಣಿಸಿ ಬರೆದಾಯಿತಾ. ಕೊನೆಯದ್ದನ್ನು ಬಹಳ ಜನ ಬೆಳಿಗ್ಗೆಗೆ ಬಿಡುತ್ತಾರೆ. ವ್ಯಾನ್ ಬರುವುದು ನಸುಕಿನಲ್ಲಿ. ನಿಲ್ಲುವುದು ಮೂರು ನಿಮಿಷ. ಆಗ ಹುಡುಕಲು ಹೋದರೆ ನಾಲ್ಕು ಪ್ಯಾಕೆಟ್ ಸಿಕ್ಕುತ್ತದೆ, ಮೂರು ಹಿಂದೆ ಉಳಿಯುತ್ತದೆ. ಆ ಮೂರನ್ನು ಮರುದಿನ ಲೈನಿನವನು ತೆಗೆದುಕೊಳ್ಳುವುದಿಲ್ಲ.

ಸ್ವಿಗ್ಗಿ, ಜೊಮಾಟೊದಲ್ಲಿ ಇರುವವರು ಮುಚ್ಚುವ ಅರ್ಧ ಗಂಟೆ ಮುಂಚೆ ಆ್ಯಪಿನಲ್ಲಿ ಅಂಗಡಿಯನ್ನು ಆಫ್‌ಲೈನ್ ಮಾಡಬೇಕು. ಅದಕ್ಕಿಂತ ಮುಖ್ಯ, ಪ್ಯಾಕ್ ಮಾಡಿಟ್ಟ ಪೊಟ್ಟಣ ಡೆಲಿವರಿ ಹುಡುಗ ಬಾರದೆ ಕೌಂಟರಿನ ಮೂಲೆಯಲ್ಲೇ ಕೂತಿದೆಯಾ ಎಂದು ಕಣ್ಣಲ್ಲಿ ನೋಡಬೇಕು. ಆ್ಯಪಿನ ಹಣ ಅದೇ ದಿನ ಕೈಗೆ ಬರುವುದಿಲ್ಲ, ಕಮಿಷನ್ ಕಳೆದು ಆಮೇಲೆ ಒಟ್ಟಿಗೆ ಬೀಳುತ್ತದೆ. ಹಾಗಾಗಿ ಅದನ್ನು ದಿನದ ಲೆಕ್ಕಕ್ಕೆ ಸೇರಿಸದೆ ಬೇರೆ ಕಾಲಮಿನಲ್ಲಿ ಇಡುವುದು ಲೇಸು.

ಈಗ ಹಣಕ್ಕೆ ಬರುವ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ವಿಜಯನಗರದಲ್ಲಿ ಬಿಲ್ಲಿಂಗ್ ಮೆಷಿನ್ ಇರುವ ಒಂದು ಸಣ್ಣ ಬೇಕರಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಚಿಲ್ಲರೆಗೆಂದು ಗಲ್ಲಾದಲ್ಲಿ 3,000 ರೂಪಾಯಿ ಇಟ್ಟು ಶುರು. ರಾತ್ರಿ ಎಣಿಸಿದಾಗ 11,640 ಇದೆ. ಯುಪಿಐ ಆ್ಯಪಿನಲ್ಲಿ ಇಂದಿನ ಒಟ್ಟು 18,920 ತೋರಿಸುತ್ತದೆ. ಎರಡನ್ನೂ ಕೂಡಿಸಿ ಚಿಲ್ಲರೆಯ 3,000 ಕಳೆದರೆ 27,560. ಬಿಲ್ಲಿಂಗ್ ಮೆಷಿನ್ನಿನ ದಿನದ ಮೊತ್ತ 25,310. ಹಾಗಾದರೆ 2,250 ಜಾಸ್ತಿ ಬಂದಿದೆಯಲ್ಲ! ಜಾಸ್ತಿ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಬೀಗ ಹಾಕಿ ಹೋಗುತ್ತಾರೆ.

ಆದರೆ ಆ ದಿನ ನಡೆದದ್ದನ್ನು ಬಿಡಿಸಿ ನೋಡಿ. ಗಲ್ಲಾದಿಂದ ಬ್ರೆಡ್ ವ್ಯಾನಿಗೆ 2,400, ಆಟೋಗೆ 150, ಹುಡುಗನ ಸಂಬಳದ ಮುಂಗಡ 800, ಒಟ್ಟು 3,350 ಹೊರಗೆ ಹೋಗಿದೆ. ಗಲ್ಲಾಕ್ಕೆ ಬಂದದ್ದರಲ್ಲಿ ಒಂದು ಕಿಲೋ ಕೇಕಿನ ಅಡ್ವಾನ್ಸ್ 500, ಹಳೇ ಉದ್ರಿ ವಸೂಲಾದದ್ದು 700 ಸೇರಿದೆ. ಇವೆರಡೂ ಇವತ್ತಿನ ವ್ಯಾಪಾರವಲ್ಲ. ಹಾಗಾದರೆ ನಿಜವಾದ ನಗದು ವ್ಯಾಪಾರ: 11,640ರಿಂದ 3,000 ಕಳೆದು, ಖರ್ಚಿನ 3,350 ಸೇರಿಸಿ, 500 ಮತ್ತು 700 ತೆಗೆದರೆ 10,790.

ಯುಪಿಐ ಕಡೆಯಲ್ಲಿ 18,920ರಲ್ಲಿ ಎರಡು ಕಿಲೋ ಕೇಕಿನ ಅಡ್ವಾನ್ಸ್ 1,000 ಇದೆ. ಮತ್ತೆ ಊರಿನಿಂದ ಭಾವ ಹಿಂದೆ ತೆಗೆದುಕೊಂಡಿದ್ದ ಕೈಸಾಲ 5,000 ಅಂಗಡಿಯ ಕ್ಯೂಆರ್ ಕೋಡಿಗೇ ಹಾಕಿದ್ದಾರೆ. ಅವೆರಡನ್ನೂ ತೆಗೆದರೆ ವ್ಯಾಪಾರ 12,920. ಇವತ್ತು ಉದ್ರಿ ಕೊಟ್ಟದ್ದು 1,260. ಮೂರನ್ನೂ ಕೂಡಿಸಿದರೆ 24,970. ಬಿಲ್ಲು 25,310. ಅಂದರೆ ಜಾಸ್ತಿ ಬಂದದ್ದಲ್ಲ, 340 ರೂಪಾಯಿ ಕಡಿಮೆ!

ಆ 340 ಎಲ್ಲಿ ಹೋಯಿತು? ಬಿಲ್ಲುಗಳನ್ನು ಹಿಂದಕ್ಕೆ ನೋಡುತ್ತಾ ಹೋದರೆ ಸಂಜೆ ಏಳೂಕಾಲಿಗೆ ಸರಿಯಾಗಿ 340ರ ಒಂದು ಬಿಲ್ ಇದೆ. ಯುಪಿಐ ಪಟ್ಟಿಯಲ್ಲಿ ಆ ಹೊತ್ತಿಗೆ 340 ಇಲ್ಲ. ಹುಡುಗನನ್ನು ಕೇಳಿದರೆ ನೆನಪಾಗುತ್ತದೆ: 'ಸೌಂಡ್‌ಬಾಕ್ಸ್ ಹೇಳಲಿಲ್ಲ ಕಾಕ, ಅವರು ಮೊಬೈಲ್ ತೋರಿಸಿದ್ರು, ಟಿಕ್ ಮಾರ್ಕ್ ಇತ್ತು.' ಇದು ಎರಡರಲ್ಲಿ ಒಂದು. ಗಿರಾಕಿಯ ಖಾತೆಯಿಂದ ಹಣ ಹೋಗಿ ಮಧ್ಯದಲ್ಲಿ ನಿಂತಿರಬಹುದು, ಇಲ್ಲವೇ ನಕಲಿ ಆ್ಯಪಿನ ಪರದೆ ತೋರಿಸಿ ಹೋಗಿರಬಹುದು. ಗಿರಾಕಿಯ ಪರದೆ ನೋಡಿ ಇದನ್ನು ತೀರ್ಮಾನಿಸಲಾಗುವುದಿಲ್ಲ. ನಮ್ಮ ಆ್ಯಪಿನ ಪಟ್ಟಿಯಲ್ಲಿ ಬಂದರೆ ಮಾತ್ರ ಬಂದ ಹಾಗೆ. ಗೊತ್ತಿರುವ ಗಿರಾಕಿಯಾದರೆ ಅವರ ಪೇಮೆಂಟಿನ 12 ಅಂಕಿಯ ಯುಟಿಆರ್ ನಂಬರ್ ಕೇಳಿ ಪುಟದಲ್ಲಿ ಬರೆದಿಡಿ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ಖಾತ್ರಿ ಬಾರದಿದ್ದರೆ, ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಅದು ತಾನಾಗಿ ಗಿರಾಕಿಯ ಖಾತೆಗೆ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಗಿರಾಕಿಗೇ. ಗಮನಿಸಿ, ಹಣ ವಾಪಸ್ ಹೋಗುವುದು ಅವರಿಗೆ, ನಮಗಲ್ಲ. ಪಫ್ಸ್ ತಿಂದಾಗಿದೆ, ಹಣವೂ ಅವರ ಖಾತೆಗೆ ಮರಳಿದೆ. ಹಾಗಾಗಿ ಆ 340 ಪುಟದಲ್ಲಿ ಆರು ದಿನದ ಮುಂದಿನ ತಾರೀಕಿನೊಂದಿಗೆ ಇರಬೇಕು. ಆ ದಿನ ಒಂದು ಫೋನ್ ಮಾಡಿ 'ಅಣ್ಣಾ, ದುಡ್ಡು ವಾಪಸ್ ಬಂತಾ?' ಎಂದು ಕೇಳಲು.

ಇನ್ನೊಂದು ಸಣ್ಣ ತೊಂದರೆ ಇದೆ. ಆ್ಯಪಿನ ದಿನ ಮುಗಿಯುವುದು ರಾತ್ರಿ ಹನ್ನೆರಡಕ್ಕೆ, ನಮ್ಮ ಅಂಗಡಿಯ ದಿನ ಮುಗಿಯುವುದು ಹತ್ತೂವರೆಗೆ. ಅರ್ಧ ಶಟರಿನಲ್ಲಿ ಬಗ್ಗಿ ಬಂದು 'ಒಂದು ಪ್ಯಾಕೆಟ್ ಬ್ರೆಡ್ ಕೊಡಿ ಅಣ್ಣಾ' ಎನ್ನುವವರು ಇದ್ದೇ ಇರುತ್ತಾರೆ. ಅದು ಯಾವ ದಿನದ ಲೆಕ್ಕ? ಪುಟದಲ್ಲಿ ಕೊನೆಯ ಯುಪಿಐ ಪೇಮೆಂಟಿನ ಹೊತ್ತು ಬರೆದಿಟ್ಟರೆ ಸಾಕು, ಉದಾಹರಣೆಗೆ '10.22, ರೂ. 45'. ಅದರ ನಂತರ ಬಂದದ್ದೆಲ್ಲ ನಾಳೆಯ ಪುಟಕ್ಕೆ.

ಭಾವ ಹಾಕಿದ 5,000ವನ್ನು ಯಾಕೆ ಬೇರೆ ಬರೆಯಬೇಕು ಎಂದು ಕೇಳುವವರು 2025ರ ಜುಲೈಯನ್ನು ನೆನಪಿಸಿಕೊಳ್ಳಲಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮಾಹಿತಿ ಇಟ್ಟುಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ತಿಂಗಳು ಅದು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ಕಟ್ಟಿ ಎಂಬ ನೋಟಿಸ್ ಬಂದ ಸುದ್ದಿ ಎಲ್ಲರೂ ಓದಿದ್ದೇವೆ. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನೋ ಯುಪಿಐ, ಕ್ಯಾಶ್ ಮಾತ್ರ' ಎಂಬ ಚೀಟಿ ಅಂಟಿಸಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ನಡೆಸಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಆಗ ವ್ಯಾಪಾರಿಗಳು ಪದೇ ಪದೇ ಹೇಳಿದ ಒಂದು ಮಾತೆಂದರೆ, 'ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ, ಕೈಸಾಲ ಇದೆ, ಮನೆಯವರು ಹಾಕಿದ್ದಿದೆ'. ಮಾತು ನಿಜವೇ. ಆದರೆ ಮೂರು ವರ್ಷದ ಹಿಂದಿನ ಮಂಗಳವಾರ ಬಂದ 5,000 ಯಾರದ್ದು ಎಂದು ಈಗ ತೋರಿಸುವುದು ಹೇಗೆ? ಕ್ಯೂಆರ್ ಕೋಡಿಗೆ ಭಾವನೂ ಒಂದೇ, ಗಿರಾಕಿಯೂ ಒಂದೇ. ಅದೇ ರಾತ್ರಿ ಪುಟದಲ್ಲಿ 'ಭಾವ, ಕೈಸಾಲ ವಾಪಸ್, 5,000' ಎಂದು ಬರೆದಿದ್ದರೆ ಹೇಳುವುದಕ್ಕೆ ಒಂದು ಆಧಾರವಾದರೂ ಇರುತ್ತದೆ. ಇನ್ನೂ ಒಳ್ಳೆಯದು, ಮನೆಯ ಹಣಕ್ಕೆ ಬೇರೆ ಖಾತೆಯ ನಂಬರ್ ಕೊಟ್ಟುಬಿಡುವುದು. ಕ್ಯಾಶ್ ಮಾತ್ರ ಎಂದು ಚೀಟಿ ಅಂಟಿಸುವುದು ಪರಿಹಾರ ಅಲ್ಲ ಎಂದು ನನ್ನ ಅಭಿಪ್ರಾಯ. 40 ಲಕ್ಷದ ಮಿತಿ ಕ್ಯಾಶಿಗೂ ಅನ್ವಯಿಸುತ್ತದೆ.

ಅಡ್ವಾನ್ಸ್ ವಿಷಯದಲ್ಲಿ ಒಂದು ಮಾತು. ಮೇಲಿನ ಲೆಕ್ಕದಲ್ಲಿ ಬಂದ 500 ಮತ್ತು 1,000 ನಮ್ಮ ಹಣವಲ್ಲ, ಕೇಕ್ ಕೊಡುವ ತನಕ ಅದು ಗಿರಾಕಿಗೆ ನಾವು ಕೊಡಬೇಕಾದ ಸಾಲ. ಅದಕ್ಕೇ ಆರ್ಡರ್ ಚೀಟಿಗಳ ಅಡ್ವಾನ್ಸನ್ನು ಕೂಡಿಸಿದ ಮೊತ್ತ, ಲೆಕ್ಕದಲ್ಲಿ ಅಡ್ವಾನ್ಸ್ ಎಂದು ತೆಗೆದಿಟ್ಟ ಮೊತ್ತಕ್ಕೆ ಸಮ ಇದೆಯಾ ಎಂದು ನೋಡಬೇಕು. ಇಲ್ಲಿ ಎರಡು ಚೀಟಿ, 1,500. ಒಂದೇ ಚೀಟಿ ಕೈಯಲ್ಲಿದ್ದು ಅಡ್ವಾನ್ಸ್ ಮಾತ್ರ 1,500 ಇದ್ದರೆ, ಎಲ್ಲೋ ಒಂದು ಕೇಕಿನ ಚೀಟಿ ಕಳೆದಿದೆ ಎಂದರ್ಥ. ಹಣದ ಲೆಕ್ಕ ಆರ್ಡರನ್ನು ಹಿಡಿದುಕೊಡುವುದು ಇದೊಂದೇ ಕಡೆ.

ಉದ್ರಿಯದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಸಾಲವನ್ನು ಬರೆದಿಡಬೇಕು, ಚಿಕ್ಕದಿರಲಿ ದೊಡ್ಡದಿರಲಿ ಅವಧಿ ಸಮೇತ ಬರೆಯಲು ಬೇಸರಿಸಬಾರದು ಎಂಬುದು ಕುರ್‌ಆನಿನ ಅಲ್‌ಬಕರ ಅಧ್ಯಾಯದ 282ನೇ ಸೂಕ್ತದಲ್ಲೇ ಇದೆ. ನಮ್ಮ ಅಂಗಡಿಗಳಲ್ಲಿ ಮೊತ್ತ ಬರೆಯುತ್ತಾರೆ, ಅವಧಿ ಬರೆಯುವುದಿಲ್ಲ. 'ಪಿಜಿ ಸುರೇಶ 380' ಎಂದಷ್ಟೇ ಇದ್ದರೆ ಅದು ಯಾವತ್ತು ಕೇಳುವ ಹಣ? 'ಸಂಬಳ ಆದ ಮೇಲೆ, 5ನೇ ತಾರೀಕು' ಎಂದು ಅವನ ಬಾಯಿಂದಲೇ ಹೇಳಿಸಿ ಬರೆದರೆ ಐದಕ್ಕೆ ಕೇಳಲು ಸಂಕೋಚ ಇರುವುದಿಲ್ಲ, ಅವನಿಗೂ ಬೇಜಾರಾಗುವುದಿಲ್ಲ. ಪಿಜಿಯವರು ರೂಮು ಬದಲಿಸುವುದು ತಿಂಗಳ ಕೊನೆಯಲ್ಲಿ ಎಂಬುದೂ ನೆನಪಿರಲಿ.

ಕಳಿಸಿಕೊಡುವ ಸಾಮಾನಿನಲ್ಲಿ ಹಣ ಮತ್ತು ಡೆಲಿವರಿ ಎರಡೂ ಒಟ್ಟಿಗೆ ಬಾಕಿ ಉಳಿಯುತ್ತದೆ. ವಿಜಯನಗರದಿಂದ ಕೆಂಗೇರಿಗೆ ಕೇಕ್ ಹಿಡಿದುಕೊಂಡು ಸ್ಕೂಟರಿನಲ್ಲಿ ಹೋದ ಹುಡುಗ ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ನೇರ ರೂಮಿಗೆ ಹೋದರೆ, ಬಾಕಿ 600 ಅವನ ಜೇಬಿನಲ್ಲಿ. ಮೋಸವಲ್ಲ, ಬೆಳಿಗ್ಗೆ ಕೊಡುತ್ತಾನೆ. ಆದರೆ ರಾತ್ರಿಯ ಪುಟದಲ್ಲಿ 'ಹುಡುಗನ ಕೈಯಲ್ಲಿ 600' ಎಂದಿರದಿದ್ದರೆ ಬೆಳಿಗ್ಗೆ ಗಲ್ಲಾದಲ್ಲಿ ಕೂತ ಅಣ್ಣನಿಗೆ ಅದು ಇವತ್ತಿನ ವ್ಯಾಪಾರದ ಹಾಗೆ ಕಾಣುತ್ತದೆ. ಕೇಕ್ ತಲುಪಿತು ಎಂದು ಗಿರಾಕಿಯಿಂದ ಒಂದು ಫೋನೋ ಮೆಸೇಜೋ ಬಂದ ಮೇಲೆಯೇ ಆ ಚೀಟಿಗೆ ಗೆರೆ ಎಳೆಯಬೇಕು. ಹುಡುಗ ಹೊರಟ ಎಂದ ಕೂಡಲೇ ಅಲ್ಲ.

ಈ ಪುಟದ ನಿಜವಾದ ಪರೀಕ್ಷೆ ಆಗುವುದು ಊರಿಗೆ ಹೋಗುವ ದಿನ. ಮದುವೆಗೋ, ಮಯ್ಯತ್ತಿಗೋ ರಾತ್ರಿ ಬಸ್ಸಿಗೆ ಹತ್ತಬೇಕು, ಅಂಗಡಿ ಮೂರು ದಿನ ತಮ್ಮನದ್ದೋ ಅಳಿಯನದ್ದೋ ಕೈಯಲ್ಲಿ. ಆಗ ಬಾಯಲ್ಲಿ ಹೇಳಿದ ಹತ್ತು ಮಾತಲ್ಲಿ ನಾಲ್ಕು ಉಳಿಯುತ್ತದೆ. ಪುಟದ ಫೋಟೋ ತೆಗೆದು ಕಳಿಸಿ, ಒಂದೊಂದು ಬಾಕಿಯ ಪಕ್ಕ ಮೂರು ಸಂಗತಿ ಇದೆಯಾ ನೋಡಿ: ಯಾರು ಮಾಡಬೇಕು, ಯಾವಾಗ, ಸಾಮಾನು ಎಲ್ಲಿದೆ. 'ಎರಡು ಕಿಲೋ, ಎಗ್‌ಲೆಸ್, ಬೆಳಿಗ್ಗೆ 7, ಸ್ಪಂಜ್ ಮೇಲಿನ ರ‍್ಯಾಕ್, ಕ್ರೀಮ್ ಕೆಳಗಿನ ಫ್ರಿಜ್ಜು, ಬಾಕಿ 600, ಅಶ್ರಫ್.' ಇಷ್ಟಿದ್ದರೆ ಬಸ್ಸು ಶಿರಾಡಿ ಘಾಟಿ ಇಳಿಯುವಾಗ ನೆಟ್‌ವರ್ಕ್ ಇಲ್ಲದಿದ್ದರೂ ಅಶ್ರಫನಿಗೆ ಫೋನ್ ಮಾಡುವ ಅಗತ್ಯ ಬೀಳುವುದಿಲ್ಲ.

ಎಲ್ಲವೂ ಸೇರಿ ಮೊದಲ ವಾರ ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ಹದಿನೈದು ನಿಮಿಷ. ಆರ್ಡರಿನ ಭಾಗವನ್ನು ಒಂಬತ್ತಕ್ಕೆ, ಓವನ್ ಬಿಸಿ ಇರುವಾಗ ಮುಗಿಸಿ. ರಿಟರ್ನ್ ಬ್ರೆಡ್ಡಿನದ್ದು ಕಪಾಟು ಖಾಲಿ ಮಾಡುವ ಹುಡುಗ ಮಾಡಲಿ. ನೋಟು ಎಣಿಸುವುದನ್ನು ಕೊನೆಗೆ ಇಡಿ. ಎಣಿಸುವವರು ಒಬ್ಬರು, ಬರೆಯುವವರು ಇನ್ನೊಬ್ಬರು ಆದರೆ ಹೆಚ್ಚು ಒಳ್ಳೆಯದು. ಹಳೇ ಪುಟದ ಬಾಕಿ ಮುಗಿಯದಿದ್ದರೆ ಅದನ್ನು ಅಲ್ಲೇ ಬಿಡದೆ ನಾಳೆಯ ಪುಟದ ಮೇಲಿನ ಸಾಲಿಗೆ ಎತ್ತಿ ಬರೆಯಿರಿ, ಹಳೇ ತಾರೀಕಿನ ಸಮೇತ.